ಖಾತೆ ಬದಲಾಗಿದೆ ಎನ್ನುವ ಪತ್ರ

2015ರಲ್ಲಿ ಓಎನ್‌ಜಿಸಿ ಸಂಸ್ಥೆ ಸೌದಿ ಅರಾಮ್ಕೋಗೆ ನಾಫ್ತಾ ಮಾರಿತು. ಸರಕು ತಲುಪಿತು, ಹಣ ಬರಲಿಲ್ಲ. ಕೇಳಿದಾಗ ಆ ಕಡೆಯಿಂದ ಬಂದ ಉತ್ತರ, ‘ನೀವು ತಿಳಿಸಿದ ಹೊಸ ಖಾತೆಗೆ ಹಾಕಿಯಾಗಿದೆ’ ಎಂದು. ಓಎನ್‌ಜಿಸಿ ಯಾವ ಹೊಸ ಖಾತೆಯನ್ನೂ ತಿಳಿಸಿರಲಿಲ್ಲ. ಖಾತೆ ಬದಲಾಗಿದೆ ಎಂಬ ಇಮೇಲ್ ಬಂದ ವಿಳಾಸದಲ್ಲಿ ongc.co.in ಎಂದು ಇರಬೇಕಾದ ಕಡೆ ognc.co.in ಎಂದಿತ್ತು. ನಡುವಿನ ಎರಡು ಅಕ್ಷರಗಳು ಸ್ಥಳ ಬದಲಿಸಿಕೊಂಡಿದ್ದವು, ಅಷ್ಟೇ. ಪತ್ರಿಕೆಗಳಲ್ಲಿ ವರದಿಯಾದಂತೆ ಕೈತಪ್ಪಿದ ಮೊತ್ತ ಸುಮಾರು 197 ಕೋಟಿ ರೂಪಾಯಿ. ಮುಂಬೈ ಪೊಲೀಸರಲ್ಲಿ ದೂರು ದಾಖಲಾಯಿತು.

ಅದೇ ಬಗೆಯ ಪತ್ರ ಇಂದು ಹುಬ್ಬಳ್ಳಿಯ ಬೇರಿಂಗ್ ಅಂಗಡಿಗೂ ತಿರುಪ್ಪೂರಿನ ನೂಲು ವ್ಯಾಪಾರಿಗೂ ಬರುತ್ತಿದೆ. ‘ನಮ್ಮ ಕಂಪನಿಯ ಬ್ಯಾಂಕ್ ಖಾತೆ ಬದಲಾಗಿದೆ. ಇನ್ನು ಮುಂದಿನ ಎಲ್ಲ ವ್ಯವಹಾರಕ್ಕೆ ಕೆಳಗಿನ ಖಾತೆಯನ್ನು ಬಳಸಿ. ಹಳೆಯ ಖಾತೆಗೆ ಹಣ ಹಾಕಬೇಡಿ. ತೊಂದರೆಗೆ ವಿಷಾದಿಸುತ್ತೇವೆ.’ ನಿಜವಾದ ಕಂಪನಿ ಬರೆಯುವುದೂ ಇದನ್ನೇ, ಕಳ್ಳ ಬರೆಯುವುದೂ ಇದನ್ನೇ. ಲೆಟರ್‌ಹೆಡ್, ಮೋಹರು, ಸಹಿ, ಜಿಎಸ್‌ಟಿ ಸಂಖ್ಯೆ ಎಲ್ಲವೂ ಎರಡರಲ್ಲೂ ಇರುತ್ತವೆ, ಏಕೆಂದರೆ ಅವೆಲ್ಲ ಕಂಪನಿ ಈಗಾಗಲೇ ಊರಿಗೆಲ್ಲ ಹಂಚಿರುವ ಬಿಲ್ಲುಗಳ ಮೇಲೆಯೇ ಇವೆ. ಈ ವಂಚನೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಪತ್ರ ಪಡೆದವರಿಗೆ ಎಚ್ಚರ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಹೊಣೆ ಪತ್ರ ಬರೆಯುವವರದು. ಓದಿದವರು ಅದನ್ನು ನಂಬದೆಯೂ ಯಾರಿಗೂ ನಷ್ಟವಾಗದಂತೆ ಒಂದು ಪ್ರಕಟಣೆಯನ್ನು ಬರೆಯಲು ಸಾಧ್ಯವಿದೆ. ಹಾಗೆ ಬರೆಯುವ ಕಂಪನಿಗಳು ಕಡಿಮೆ.

ಪ್ರಾಮಾಣಿಕ ಪತ್ರಗಳೇ ಕಳ್ಳನಿಗೆ ದಾರಿ ಮಾಡಿಕೊಟ್ಟ ಕಾಲವೊಂದು ನಮ್ಮಲ್ಲೇ ಆಗಿಹೋಗಿದೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಯಲ್ಲಿ ವಿಲೀನವಾಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ನಾಲ್ಕೂ ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳು, ಇಲ್ಲಿನ ಅಂಗಡಿ, ಕಾರ್ಖಾನೆ, ಸಹಕಾರ ಸಂಘಗಳ ಚಾಲ್ತಿ ಖಾತೆಗಳನ್ನು ತಲೆಮಾರುಗಳಿಂದ ಹಿಡಿದಿದ್ದವು. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. SYNB0001234 ಎಂಬಂಥ ಸಂಕೇತ CNRB0011234 ಆಯಿತು, ಅಂದರೆ ಬ್ಯಾಂಕಿನ ಅಕ್ಷರಗಳು ಬದಲಾಗಿ ಶಾಖೆಯ ಅಂಕಿಗೆ ಹತ್ತು ಸಾವಿರ ಕೂಡಿತು. ಅದೇ ಹೊತ್ತಿಗೆ, 2020ರ ಆಗಸ್ಟ್ 6ರಂದು, ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಒಂದು ಬ್ಯಾಂಕಿನಲ್ಲಿ ಕ್ಯಾಷ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಇಟ್ಟುಕೊಂಡವರು ಬೇರೆ ಬ್ಯಾಂಕುಗಳಲ್ಲಿ ಚಾಲ್ತಿ ಖಾತೆ ಇಟ್ಟುಕೊಳ್ಳುವುದಕ್ಕೆ ಅದು ಕಡಿವಾಣ ಹಾಕಿತು. ಸಾಲ ಒಂದು ಕಡೆ, ದಿನದ ವಹಿವಾಟು ಇನ್ನೊಂದು ಕಡೆ ಇದ್ದ ಎಷ್ಟೋ ಸಣ್ಣ ಉದ್ದಿಮೆಗಳು ಖಾತೆ ಸ್ಥಳಾಂತರಿಸಬೇಕಾಯಿತು.

ಆ ಕೆಲವು ವರ್ಷ ಅಕೌಂಟ್ಸ್ ವಿಭಾಗದಲ್ಲಿ ಕೂತವರ ಮೇಜಿಗೆ ಖಾತೆ ಬದಲಾವಣೆಯ ಪತ್ರಗಳು ಸಾಲುಸಾಲಾಗಿ ಬಂದವು, ಬಹುಪಾಲು ನಿಜವಾದವೇ. ಪತ್ರ ಬಂತು, ಟ್ಯಾಲಿಯಲ್ಲಿ ತಿದ್ದಿದೆವು, ಮುಂದಿನ ಕೆಲಸ ಎಂಬ ರೂಢಿ ಬೆಳೆಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಿಂಡಿಕೇಟ್ ಬ್ಯಾಂಕಿನಂಥ ವಿಲೀನದಲ್ಲಿ ಸಾಮಾನ್ಯವಾಗಿ ಐಎಫ್‌ಎಸ್‌ಸಿ ಬದಲಾಯಿತು, ಖಾತೆ ಸಂಖ್ಯೆ ಹಾಗೇ ಉಳಿಯಿತು. ವಿಲೀನದ ಕಾರಣ ಹೇಳಿ ಖಾತೆ ಸಂಖ್ಯೆ, ಊರು, ಬ್ಯಾಂಕು ಮೂರನ್ನೂ ಬದಲಿಸುವ ಪತ್ರ ಬಂದರೆ ಅದು ಬೇರೆಯೇ ಸಂಗತಿ. ಎರಡನ್ನೂ ಒಂದೇ ಫೈಲಿಗೆ ಸೇರಿಸಿದವರು ಪೆಟ್ಟು ತಿಂದರು.

ತಪ್ಪು ಖಾತೆ ಕೊಟ್ಟರೆ ಬ್ಯಾಂಕೇ ತಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ‘ಹೆಸರು ನಮ್ಮ ವೆಂಡರ್‌ನದೇ ಬರೆದಿದ್ದೆವು, ಹೆಸರು ತಾಳೆಯಾಗದೆ ಹಣ ಹೇಗೆ ಹೋಯಿತು?’ ಎಂಬುದು ಮೋಸ ಹೋದವರು ಬ್ಯಾಂಕಿನ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ. 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ನೆಫ್ಟ್, ಆರ್‌ಟಿಜಿಎಸ್ ಹಣವನ್ನು ಬ್ಯಾಂಕು ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮಾ ಮಾಡಬಹುದು. ಸಂಖ್ಯೆ ಸರಿಯಾಗಿ ಕೊಡುವ ಹೊಣೆ ಕಳಿಸುವವರದು. ಹೆಸರಿನ ಕಲಂ ಇತ್ತು, ಆದರೆ ಅದನ್ನು ತಾಳೆ ನೋಡುವ ಕಡ್ಡಾಯ ಇರಲಿಲ್ಲ. ಹದಿನಾಲ್ಕು ವರ್ಷ ಇದೇ ನಡೆಯಿತು. ಕೊನೆಗೆ 2024ರ ಡಿಸೆಂಬರ್ 30ರಂದು ಬಂದ ಸುತ್ತೋಲೆ, ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವ ಮುನ್ನ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಶುಲ್ಕವಿಲ್ಲದೆ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿದರೆ ಹೆಸರು ಪರದೆಯ ಮೇಲೆ ಬರುತ್ತದೆ.

ಇದು ತಡವಾಗಿ ಬಂದರೂ ಒಳ್ಳೆಯ ಕೆಲಸ. ಉಕ್ಕು ಸರಬರಾಜು ಮಾಡುವ ಕಂಪನಿಯ ‘ಹೊಸ ಖಾತೆ’ ಯಾವುದೋ ಊರಿನ ಯಾವುದೋ ವ್ಯಕ್ತಿಯ ಉಳಿತಾಯ ಖಾತೆಯಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಈ ಸೌಲಭ್ಯ ಹೆಸರನ್ನು ತೋರಿಸುತ್ತದೆ, ಪಾವತಿಯನ್ನು ತಡೆಯುವುದಿಲ್ಲ. ನೋಡಿ ನಿರ್ಧರಿಸುವುದು ಕಳಿಸುವವರಿಗೇ ಬಿಟ್ಟದ್ದು. ಸಂಜೆ ಆರು ಗಂಟೆಗೆ ನಲವತ್ತು ಪಾವತಿ ಮುಗಿಸಬೇಕಾದ ಗುಮಾಸ್ತರು ಪ್ರತಿ ಹೆಸರನ್ನೂ ಓದುತ್ತಾರೆಂದು ಲೆಕ್ಕ ಹಾಕುವುದು ಅವರಿಗೆ ಮಾಡುವ ಅನ್ಯಾಯ.

ಹೆಸರು ತಾಳೆಯಾದರೂ ಸಾಲದು ಎಂಬುದಕ್ಕೆ ಪ್ರಪಂಚದ ಅತಿ ದೊಡ್ಡ ಪ್ರಕರಣಗಳಲ್ಲೊಂದೇ ಸಾಕ್ಷಿ. ಲಿಥುವೇನಿಯಾದ ಎವಾಲ್ದಾಸ್ ರಿಮಾಸೌಸ್ಕಾಸ್ ಎಂಬಾತ 2013ರಿಂದ 2015ರವರೆಗೆ ಗೂಗಲ್ ಮತ್ತು ಫೇಸ್‌ಬುಕ್ ಎರಡರಿಂದಲೂ ಸೇರಿ 12 ಕೋಟಿ ಡಾಲರಿಗೂ ಹೆಚ್ಚು ಹಣ ಎಳೆದುಕೊಂಡ. ಆ ಎರಡು ಕಂಪನಿಗಳಿಗೆ ತೈವಾನಿನ ಕ್ವಾಂಟಾ ಕಂಪ್ಯೂಟರ್ ನಿಜವಾಗಿಯೂ ಯಂತ್ರೋಪಕರಣ ಒದಗಿಸುತ್ತಿತ್ತು. ಈತ ಲಾಟ್ವಿಯಾದಲ್ಲಿ ಅದೇ ಹೆಸರಿನ ಕಂಪನಿಯೊಂದನ್ನು ನೋಂದಾಯಿಸಿ, ಅದರ ಹೆಸರಿನಲ್ಲಿ ಲಾಟ್ವಿಯಾ ಮತ್ತು ಸೈಪ್ರಸ್‌ನಲ್ಲಿ ಖಾತೆ ತೆರೆದ. ನಕಲಿ ಇನ್‌ವಾಯ್ಸ್, ನಕಲಿ ಕರಾರು, ನಕಲಿ ಮೋಹರು ಎಲ್ಲ ಸಿದ್ಧವಿದ್ದವು. ಹೆಸರು ಪರೀಕ್ಷಿಸಿದ್ದರೆ ಅಕ್ಷರಶಃ ಸರಿಯಾಗಿಯೇ ಬರುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಆದ್ದರಿಂದ ಪರದೆಯ ಮೇಲೆ ಬಂದ ಹೆಸರಿನಲ್ಲಿ ಎರಡು ಸಂಗತಿ ನೋಡಬೇಕು: ಅದು ನಮ್ಮ ವೆಂಡರ್ ಹೆಸರೇ ಎಂಬುದು ಒಂದು, ಆ ಬ್ಯಾಂಕಿನಲ್ಲಿ ಆ ವೆಂಡರ್ ಖಾತೆ ಇಡಲು ಕಾರಣವೇನಿದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಯಂತ್ರದಿಂದ ಉತ್ತರ ಬರುವುದಿಲ್ಲ, ಆ ವೆಂಡರನ್ನು ಬಲ್ಲ ಮನುಷ್ಯರಿಂದಲೇ ಬರಬೇಕು.

ಕಳ್ಳ ಒಳಗೆ ಬರುವ ದಾರಿ ಬಹುಪಾಲು ಇಮೇಲ್ ಪೆಟ್ಟಿಗೆ. ಅಕೌಂಟ್ಸ್ ಅಥವಾ ಖರೀದಿ ವಿಭಾಗದ ಯಾರದೋ ಪಾಸ್‌ವರ್ಡ್ ಕದ್ದು, ಬಂದ ಪತ್ರಗಳೆಲ್ಲ ತನಗೂ ಒಂದು ಪ್ರತಿ ಬರುವಂತೆ ಒಂದು ನಿಯಮ ಇಟ್ಟು, ವಾರಗಟ್ಟಲೆ ಸುಮ್ಮನೆ ಓದುತ್ತಾನೆ. ಯಾವ ಬಿಲ್ಲು ಯಾವಾಗ ಪಾಸಾಗುತ್ತದೆ, ಯಾರು ಯಾರನ್ನು ‘ಸರ್’ ಎನ್ನುತ್ತಾರೆ, ಯಾರು ರಜೆಯಲ್ಲಿದ್ದಾರೆ ಎಂಬುದೆಲ್ಲ ತಿಳಿಯುತ್ತದೆ. ದೊಡ್ಡ ಬಿಲ್ಲು ಪಾಸಾಗುವ ಎರಡು ಮೂರು ದಿನ ಮೊದಲು, ನಡೆಯುತ್ತಿರುವ ಪತ್ರವ್ಯವಹಾರದ ಕೆಳಗೇ ಉತ್ತರದಂತೆ ಅವನ ಪತ್ರ ಬರುತ್ತದೆ. ‘ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಬಾರಿ ಇನ್ನೊಂದು ಖಾತೆಗೆ ಹಾಕಿ.’ ಹಳೆಯ ಪತ್ರಗಳ ಸರಣಿ ಕೆಳಗೆ ಹಾಗೇ ಇರುವುದರಿಂದ ಸಂಶಯ ಬರುವುದಿಲ್ಲ. ನಿಮ್ಮ ಕಂಪನಿಯ ಡೊಮೇನ್ ಹೆಸರಿನಲ್ಲಿ ಬೇರೆಯವರು ಪತ್ರ ಕಳಿಸದಂತೆ ತಡೆಯುವ ಡಿಮಾರ್ಕ್ ವ್ಯವಸ್ಥೆಯನ್ನು ಅವಶ್ಯವಾಗಿ ಇಟ್ಟುಕೊಳ್ಳಬೇಕು. ಆದರೆ ಅಕ್ಷರ ತಿರುಗಿಸಿದ ಹೊಸ ಡೊಮೇನ್ ಅದರ ವ್ಯಾಪ್ತಿಗೆ ಬರುವುದಿಲ್ಲ, ನಿಜವಾದ ಪೆಟ್ಟಿಗೆಯೊಳಗಿಂದಲೇ ಹೊರಟ ಪತ್ರವಂತೂ ಬರುವುದೇ ಇಲ್ಲ.

ಇನ್ನೊಂದು ಹುಸಿ ಭರವಸೆ ನಮ್ಮ ಇ-ಇನ್‌ವಾಯ್ಸ್‌ನಿಂದ ಬಂದಿದೆ. ಬಿಲ್ಲಿನ ಮೇಲಿನ ಕ್ಯುಆರ್ ಸಂಕೇತ ಸ್ಕ್ಯಾನ್ ಮಾಡಿದರೆ ಸರಿಯೆಂದು ಬಂತು, ಆದ್ದರಿಂದ ಬಿಲ್ಲು ಅಸಲಿ ಎಂದು ತೀರ್ಮಾನಿಸುವವರಿದ್ದಾರೆ. ಆ ಕ್ಯುಆರ್‌ನಲ್ಲಿ ಇರುವುದು ಇಬ್ಬರ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ, ಎಚ್‌ಎಸ್‌ಎನ್ ಮೊದಲಾದ ವಿವರ. ಬ್ಯಾಂಕ್ ಖಾತೆ ಅದರಲ್ಲಿ ಇಲ್ಲ. ಅಸಲಿ ಬಿಲ್ಲಿನ ಪಿಡಿಎಫ್ ತೆಗೆದುಕೊಂಡು ಕೆಳಗಿನ ‘ಬ್ಯಾಂಕ್ ವಿವರ’ ಸಾಲನ್ನು ಮಾತ್ರ ತಿದ್ದಿದರೆ ಕ್ಯುಆರ್ ಮೊದಲಿನಂತೆಯೇ ಸರಿಯೆನ್ನುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಯಾರ ಸಂಖ್ಯೆಯನ್ನಾದರೂ ಹುಡುಕಬಹುದು, ಆದರೆ ಅಲ್ಲಿ ಸಾರ್ವಜನಿಕರಿಗೆ ಕಾಣುವ ಪುಟದಲ್ಲಿಯೂ ಖಾತೆ ವಿವರ ಇರುವುದಿಲ್ಲ. ಕ್ಯಾನ್ಸಲ್ ಮಾಡಿದ ಚೆಕ್ಕಿನ ಸ್ಕ್ಯಾನ್ ಪ್ರತಿಯೂ ಅಷ್ಟೇ. ತಿದ್ದಬಲ್ಲವರಿಗೆ ಅದೊಂದು ಚಿತ್ರ.

ಈಗ ಪ್ರಕಟಣೆಗೆ ಬರೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳಿ. ಕ್ಯಾಷ್ ಕ್ರೆಡಿಟ್ ಅನ್ನು ಬೇರೆ ಬ್ಯಾಂಕಿಗೆ ಸಾಗಿಸುತ್ತಿದೆ, ಅಕ್ಟೋಬರ್ 1ರಿಂದ ಹೊಸ ಖಾತೆ. 140 ವೆಂಡರ್‌ಗಳಿದ್ದಾರೆ. ಸಾಮಾನ್ಯವಾಗಿ ಏನಾಗುತ್ತದೆ? ಎಲ್ಲ 140 ಮಂದಿಗೆ ಹೊಸ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಸಮೇತ ಒಂದೇ ಇಮೇಲ್ ಹೋಗುತ್ತದೆ, ಕೆಲವೊಮ್ಮೆ ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವಂತೆ. ಆ ಒಂದು ಪತ್ರದಿಂದ ಕಂಪನಿಯ ವೆಂಡರ್ ಪಟ್ಟಿ, ಪತ್ರದ ಮಾದರಿ, ಸಹಿ ಮಾಡುವವರ ಹೆಸರು ಎಲ್ಲವೂ ಹೊರಬಿದ್ದಂತಾಯಿತು.

ನಿಜಕ್ಕೂ ಯಾರಿಗೆ ಖಾತೆ ಸಂಖ್ಯೆ ಬೇಕು? ವೆಂಡರ್ ಎಂದರೆ ಕಂಪನಿಯಿಂದ ಹಣ ಪಡೆಯುವವರು. ಅವರಲ್ಲಿ 128 ಮಂದಿ ಕಂಪನಿಗೆ ಎಂದೂ ಹಣ ಹಾಕುವುದಿಲ್ಲ ಎಂದಿಟ್ಟುಕೊಳ್ಳಿ. ಅವರಿಗೆ ಇನ್ನು ಮುಂದೆ ಹಣ ಬರುವಾಗ ತಮ್ಮ ಸ್ಟೇಟ್‌ಮೆಂಟಿನಲ್ಲಿ ಬೇರೆ ಬ್ಯಾಂಕಿನ ಹೆಸರು ಕಾಣುತ್ತದೆ ಎಂಬಷ್ಟು ತಿಳಿದರೆ ಸಾಕು. ಉಳಿದ 12 ಮಂದಿಯಲ್ಲಿ ಲೇತ್ ಯಂತ್ರದ ಚೂರು ಕೊಳ್ಳುವ ಗುಜರಿ ವ್ಯಾಪಾರಿ ಇದ್ದಾರೆ, ದರ ವ್ಯತ್ಯಾಸದ ಹಣ ಹಿಂದಿರುಗಿಸುವ ಉಕ್ಕಿನ ವರ್ತಕರಿದ್ದಾರೆ, ಮುಂಗಡ ವಾಪಸು ಕೊಡಬೇಕಾದ ಗುತ್ತಿಗೆದಾರರಿದ್ದಾರೆ. ಸಂಖ್ಯೆ ಬೇಕಾದದ್ದು ಈ 12 ಮಂದಿಗೆ. ಅವರಿಗೆ ಅದನ್ನು ಕೈಯಲ್ಲಿ ಕೊಡಬಹುದು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು, ಆಮೇಲೆ ಫೋನಿನಲ್ಲಿ ತಾಳೆ ನೋಡಬಹುದು. ಹನ್ನೆರಡು ಫೋನು ಒಂದು ಮಧ್ಯಾಹ್ನದ ಕೆಲಸ.

ಎಲ್ಲರಿಗೂ ಹೋಗುವ ಪ್ರಕಟಣೆ ಹೀಗಿರಬಹುದು:

‘ಮಾನ್ಯರೇ, ಅಕ್ಟೋಬರ್ 1ರಿಂದ ನಮ್ಮ ಕಂಪನಿ ತನ್ನ ವಹಿವಾಟನ್ನು ಬೇರೆ ಬ್ಯಾಂಕಿಗೆ ಸಾಗಿಸುತ್ತಿದೆ. ಆ ದಿನದಿಂದ ನಿಮಗೆ ಬರುವ ಹಣ ಹೊಸ ಬ್ಯಾಂಕಿನಿಂದ ಬರುತ್ತದೆ. ಇದಕ್ಕಾಗಿ ನೀವು ಏನನ್ನೂ ಮಾಡಬೇಕಿಲ್ಲ. ನಿಮ್ಮ ಖಾತೆ ವಿವರ, ಚೆಕ್ಕಿನ ಪ್ರತಿ, ಒಟಿಪಿ ಅಥವಾ ಯಾವುದೇ ಶುಲ್ಕವನ್ನು ಈ ಕಾರಣಕ್ಕೆ ನಾವು ಕೇಳುವುದಿಲ್ಲ. ಈ ಪತ್ರದಲ್ಲಿ ಖಾತೆ ಸಂಖ್ಯೆಯನ್ನು ಉದ್ದೇಶಪೂರ್ವಕವಾಗಿ ಕೊಟ್ಟಿಲ್ಲ. ನಮಗೆ ಹಣ ಪಾವತಿಸುವವರಿಗೆ ಅದನ್ನು ಪ್ರತ್ಯೇಕವಾಗಿ ತಲುಪಿಸುತ್ತೇವೆ. ಅದು ತಲುಪಿದ ಮೇಲೂ, ನಿಮ್ಮಲ್ಲಿ ಈಗಾಗಲೇ ಇರುವ ಪರ್ಚೇಸ್ ಆರ್ಡರಿನ ಮೇಲಿನ ಫೋನ್ ಸಂಖ್ಯೆಗೆ ನೀವೇ ಕರೆಮಾಡಿ ಖಚಿತಪಡಿಸಿಕೊಳ್ಳುವ ತನಕ ಹಳೆಯ ಖಾತೆಗೇ ಹಣ ಹಾಕಿ. ಹಳೆಯ ಖಾತೆ ಜನವರಿ 31ರವರೆಗೆ ಚಾಲ್ತಿಯಲ್ಲಿರುತ್ತದೆ. ಖಚಿತಪಡಿಸಿಕೊಳ್ಳಲು ತಡವಾದರೆ ಅದಕ್ಕಾಗಿ ಬಡ್ಡಿಯನ್ನಾಗಲಿ ದಂಡವನ್ನಾಗಲಿ ನಾವು ಹಾಕುವುದಿಲ್ಲ. ಈ ಪತ್ರದ ಬಗ್ಗೆ ಸಂಶಯವಿದ್ದರೆ ಇದಕ್ಕೆ ಉತ್ತರಿಸಬೇಡಿ, ಫೋನ್ ಮಾಡಿ.’

ಈ ಪತ್ರದಲ್ಲಿ ಫೋನ್ ಸಂಖ್ಯೆ ಇಲ್ಲದಿರುವುದನ್ನು ಗಮನಿಸಿ. ಸಂಖ್ಯೆ ಕೊಟ್ಟರೆ ಓದಿದವರು ಅದಕ್ಕೇ ಕರೆಮಾಡುತ್ತಾರೆ. ಕಳ್ಳನ ಪತ್ರದಲ್ಲಿಯೂ ಒಂದು ಸಂಖ್ಯೆ ಇರುತ್ತದೆ, ಅಲ್ಲಿ ಯಾರೋ ಬಹಳ ವಿನಯದಿಂದ ‘ಹೌದು ಸರ್, ಬದಲಾಗಿದೆ’ ಎನ್ನುತ್ತಾರೆ. ಪರೀಕ್ಷೆಯ ದಾರಿ ಪತ್ರಕ್ಕಿಂತ ಹಳೆಯದಾಗಿರಬೇಕು. ಎರಡು ವರ್ಷದ ಹಿಂದಿನ ಆರ್ಡರ್ ಪ್ರತಿ, ಮೊದಲ ಕರಾರು, ಗೋಡೆಗೆ ಅಂಟಿಸಿದ ವಿಸಿಟಿಂಗ್ ಕಾರ್ಡು, ಇವುಗಳಿಂದ ತೆಗೆದ ಸಂಖ್ಯೆ ಆಗಬೇಕು. ‘ತಡವಾದರೆ ದಂಡವಿಲ್ಲ’ ಎಂಬ ಸಾಲು ನನಗೆ ಇಡೀ ಪತ್ರದಲ್ಲಿ ಅತ್ಯಂತ ಮುಖ್ಯವೆನಿಸುತ್ತದೆ. ವಂಚನೆ ನಡೆಯುವುದು ಅವಸರದಲ್ಲಿ. ಅವಸರದ ಕಾರಣವನ್ನೇ ಕಂಪನಿ ತೆಗೆದುಹಾಕಿದರೆ, ಮುಂದೆ ಅವಸರ ಪಡಿಸುವ ಪತ್ರ ಬಂದಾಗ ಅದು ಕಂಪನಿಯದಲ್ಲ ಎಂದು ಓದುಗರಿಗೆ ತಾನೇ ಗೊತ್ತಾಗುತ್ತದೆ.

ಜನವರಿ 31 ಎಂಬ ದಿನಾಂಕಕ್ಕೂ ಲೆಕ್ಕವಿದೆ. ನಮ್ಮ ಸಣ್ಣ ಉದ್ದಿಮೆಗಳಲ್ಲಿ ಮುಂದಿನ ತಾರೀಖಿನ ಚೆಕ್ ಕೊಡುವ ರೂಢಿ ಇನ್ನೂ ಇದೆ. ಈ ಕಂಪನಿ ಹಳೆಯ ಖಾತೆಯ ಮೇಲೆ ಕೊಟ್ಟ ಕೊನೆಯ ಚೆಕ್ಕಿನ ತಾರೀಖು ಅಕ್ಟೋಬರ್ 31 ಎಂದುಕೊಳ್ಳಿ. 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯಸ್ಸು ಮೂರು ತಿಂಗಳು, ಅಂದರೆ ಅದನ್ನು ಜನವರಿ ಕೊನೆಯವರೆಗೆ ಬ್ಯಾಂಕಿಗೆ ಹಾಕಬಹುದು. ಅಷ್ಟರೊಳಗೆ ಖಾತೆ ಮುಚ್ಚಿದರೆ ಚೆಕ್ ‘ಅಕೌಂಟ್ ಕ್ಲೋಸ್ಡ್’ ಎಂಬ ಷರಾದೊಂದಿಗೆ ಹಿಂದೆ ಬರುತ್ತದೆ. ಇಂಥ ಷರಾ ಕೂಡ ಚೆಕ್ ಅಮಾನ್ಯದ 138ನೇ ಸೆಕ್ಷನ್ನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಬ್ಯಾಂಕ್ ಬದಲಿಸಿದ್ದಕ್ಕೆ ಕ್ರಿಮಿನಲ್ ದೂರು ಎದುರಿಸುವ ಪರಿಸ್ಥಿತಿ ಯಾರಿಗೂ ಬೇಡ. ಇದರ ಜೊತೆಗೆ ಭದ್ರತೆಗೆಂದು ಕೊಟ್ಟ ತಾರೀಖಿಲ್ಲದ ಚೆಕ್ಕುಗಳನ್ನೂ ಪಟ್ಟಿಮಾಡಿ, ಹಿಂದಕ್ಕೆ ಪಡೆದು, ಹೊಸ ಖಾತೆಯ ಚೆಕ್ ಕೊಡಬೇಕು. ಬಾಡಿಗೆ, ವಿಮೆ, ಫೋನು ಮುಂತಾದವುಗಳಿಗೆ ಹಳೆಯ ಖಾತೆಯಿಂದ ತಾನಾಗಿ ಕಡಿತವಾಗುವ ನ್ಯಾಚ್ ಆದೇಶಗಳನ್ನೂ ಮರುನೋಂದಾಯಿಸಬೇಕು. ಈ ಕೆಲಸಗಳೆಲ್ಲ ಇರುವುದರಿಂದ ಎರಡು ಖಾತೆ ಕೆಲವು ತಿಂಗಳು ಒಟ್ಟಿಗೆ ನಡೆಯುವುದು ಹೇಗೂ ಅನಿವಾರ್ಯ. ರಿಸರ್ವ್ ಬ್ಯಾಂಕಿನ ನಿಯಮ ಹಳೆಯ ಖಾತೆಗೆ ಅಡ್ಡ ಬರುತ್ತದೆಯೇ ಎಂದು ಎರಡೂ ಬ್ಯಾಂಕುಗಳಲ್ಲಿ ಮೊದಲೇ ಲಿಖಿತವಾಗಿ ಕೇಳಿಟ್ಟುಕೊಳ್ಳಬೇಕು. ಇಲ್ಲವಾದರೆ ಪತ್ರದಲ್ಲಿ ಕೊಟ್ಟ ಮಾತು ಉಳಿಯುವುದಿಲ್ಲ.

ಫೋನಿನಲ್ಲಿ ತಾಳೆ ನೋಡುವುದಕ್ಕೂ ಒಂದು ಕ್ರಮವಿದೆ. ಬಹಳ ಕಡೆ ಗುಮಾಸ್ತರು ತಮ್ಮ ಮುಂದಿರುವ ಸಂಖ್ಯೆಯನ್ನು ಓದುತ್ತಾರೆ, ಆ ಕಡೆಯವರು ‘ಹ್ಞೂಂ, ಹೌದು’ ಎನ್ನುತ್ತಾರೆ. ಊಟದ ಹೊತ್ತಿನಲ್ಲಿ, ಗದ್ದಲದ ನಡುವೆ, ಯಾರಾದರೂ ಯಾವುದಕ್ಕಾದರೂ ಹೌದು ಅಂದಾರು. ಕರೆಮಾಡಿದವರು ಸಂಖ್ಯೆಯನ್ನು ಹೇಳಬಾರದು, ಆ ಕಡೆಯವರಿಂದಲೇ ಹೇಳಿಸಬೇಕು. ಇವರು ಕೈಯಲ್ಲಿರುವ ಕಾಗದದೊಂದಿಗೆ ಹೋಲಿಸಬೇಕು. ಆಮೇಲೆ 137 ರೂಪಾಯಿಯಂಥ ಒಂದು ಸಣ್ಣ ಮೊತ್ತ ಕಳಿಸಿ, ಎಷ್ಟು ಬಂತು ಎಂದು ಅದೇ ಹಳೆಯ ಫೋನ್ ಸಂಖ್ಯೆಯಲ್ಲಿ ಕೇಳಬೇಕು. ಇಮೇಲಿನಲ್ಲಿ ಕೇಳಿದರೆ ಪ್ರಯೋಜನವಿಲ್ಲ, ಹಣ ತಲುಪಿದ ಕಳ್ಳನೂ 137 ಎಂದೇ ಬರೆಯುತ್ತಾನೆ. ಸಣ್ಣ ಮೊತ್ತ ಜಮಾ ಆಯಿತು ಎಂಬುದರಿಂದ ಆ ಖಾತೆ ಜೀವಂತವಾಗಿದೆ ಎಂದಷ್ಟೇ ಸಾಬೀತಾಗುತ್ತದೆ.

ಖಾತೆ ಬದಲಿಸುವ ಕಂಪನಿಗೆ ಕಾಣದ ಇನ್ನೊಂದು ಅಪಾಯವಿದೆ. ಪ್ರಕಟಣೆ ಹೊರಟ ವಾರಗಳಲ್ಲಿ ಖಾತೆ ಬದಲಾವಣೆ ಎಂಬ ಮಾತು ಗಾಳಿಯಲ್ಲಿರುತ್ತದೆ. ಆಗ ಒಬ್ಬ ವೆಂಡರ್ ಹೆಸರಿನಲ್ಲಿ ಕಂಪನಿಗೇ ಪತ್ರ ಬರುತ್ತದೆ: ‘ನೀವು ಬ್ಯಾಂಕ್ ಬದಲಿಸುತ್ತಿರುವುದು ತಿಳಿಯಿತು. ಹೊಸ ವ್ಯವಸ್ಥೆಯಲ್ಲಿ ನಮ್ಮ ಈ ಖಾತೆಯನ್ನು ನಮೂದಿಸಿಕೊಳ್ಳಿ.’ ಹೊಸ ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಲ್ಲಿ 140 ವೆಂಡರ್‌ಗಳ ವಿವರವನ್ನು ಹೊಸದಾಗಿ ಸೇರಿಸುತ್ತಿರುವ ಗುಮಾಸ್ತರು ಅದನ್ನೂ ಸೇರಿಸಿಬಿಡುತ್ತಾರೆ. ಹಳೆಯ ಬ್ಯಾಂಕಿನಲ್ಲಿ ವರ್ಷಗಳಿಂದ ಪರೀಕ್ಷೆಗೊಳಗಾದ ಪಟ್ಟಿ ಇತ್ತು. ಹೊಸದರಲ್ಲಿ ಎಲ್ಲವೂ ಮೊದಲಿನಿಂದ. ಆದ್ದರಿಂದ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಯಾವ ವೆಂಡರ್ ಖಾತೆಯನ್ನೂ ಬದಲಿಸುವುದಿಲ್ಲ ಎಂದು ನಿಲ್ಲಿಸಿಬಿಡುವುದು ಒಳ್ಳೆಯದು. ಹೊಸ ಪಟ್ಟಿಯನ್ನು ಹಳೆಯ ಪಾವತಿಗಳ ದಾಖಲೆಯಿಂದಲೇ ತೆಗೆಯಬೇಕು. ಒಬ್ಬರು ಸೇರಿಸಿ ಇನ್ನೊಬ್ಬರು ಅಂಗೀಕರಿಸುವ ಪದ್ಧತಿ ಬಹುತೇಕ ಬ್ಯಾಂಕುಗಳ ಕಂಪನಿ ಖಾತೆಗಳಲ್ಲಿ ಸಿಗುತ್ತದೆ, ಆದರೆ ಎರಡೂ ಪಾಸ್‌ವರ್ಡ್ ಒಬ್ಬರ ಮೇಜಿನ ಡ್ರಾಯರಿನಲ್ಲಿದ್ದರೆ ಅದು ಹೆಸರಿಗಷ್ಟೇ ಉಳಿಯುತ್ತದೆ.

ಇಷ್ಟಾಗಿಯೂ ಹಣ ಹೋಯಿತೆನ್ನಿ. ಆಗ ಗಂಟೆಗಳ ಲೆಕ್ಕ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ, ರಜಾದಿನಗಳಲ್ಲೂ ನಡೆಯುತ್ತವೆ. ಶನಿವಾರ ಸಂಜೆ ಹೋದ ಹಣ ಸೋಮವಾರದ ಹೊತ್ತಿಗೆ ನಾಲ್ಕಾರು ಖಾತೆ ದಾಟಿ ಎಟಿಎಂನಿಂದ ಹೊರಬಂದಿರಬಹುದು. ಪಾವತಿಯ ಯುಟಿಆರ್ ಸಂಖ್ಯೆ ಹಿಡಿದುಕೊಂಡು ತಮ್ಮ ಬ್ಯಾಂಕಿಗೂ 1930 ಸಹಾಯವಾಣಿಗೂ ತಕ್ಷಣ ಕರೆಮಾಡಬೇಕು, cybercrime.gov.in ತಾಣದಲ್ಲಿ ದೂರು ದಾಖಲಿಸಬೇಕು. ಈ ವ್ಯವಸ್ಥೆ ಹಣ ಹೋದ ಖಾತೆಯಿಂದ ಮುಂದಿನ ಖಾತೆಗಳ ತನಕ ಬೆನ್ನಟ್ಟಿ, ಉಳಿದಿರುವಷ್ಟನ್ನು ತಡೆಹಿಡಿಸಲು ನೋಡುತ್ತದೆ. ಮೊದಲು ಒಳಗೆ ವಿಚಾರಿಸೋಣ, ಯಜಮಾನರಿಗೆ ಹೇಗೆ ಹೇಳುವುದು ಎಂದು ಕಳೆದ ಅರ್ಧ ದಿನದಲ್ಲೇ ಹೆಚ್ಚಿನ ಹಣ ಕೈತಪ್ಪುತ್ತದೆ. ಹಾಗಾಗಿ ತಪ್ಪಾಯಿತೆಂದು ಕೂಡಲೇ ಬಂದು ಹೇಳಿದ ಗುಮಾಸ್ತರನ್ನು ಶಿಕ್ಷಿಸುವುದಿಲ್ಲ ಎಂದು ಮಾಲೀಕರು ಮೊದಲೇ ಹೇಳಿರಬೇಕು.

ಬ್ಯಾಂಕಿನಿಂದ ಪರಿಹಾರ ಸಿಗುತ್ತದೆಯೇ? ಗ್ರಾಹಕರ ಹೊಣೆಗೆ ಮಿತಿ ಹಾಕುವ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೊರಟದ್ದು ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ವ್ಯವಹಾರಗಳಿಗೆ. ಇಲ್ಲಿ ಕಂಪನಿಯೇ ಲಾಗಿನ್ ಆಗಿ, ಒಟಿಪಿ ಹಾಕಿ ಕಳಿಸಿದೆ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಇಂಥ ಮೋಸಕ್ಕೂ 85,000 ಪೌಂಡ್‌ವರೆಗೆ ಬ್ಯಾಂಕುಗಳೇ ಮರಳಿಸಬೇಕೆಂಬ ನಿಯಮ ಬಂದಿದೆ, ಆದರೆ ಅಲ್ಲಿಯೂ ಅದು ವ್ಯಕ್ತಿಗಳು, ತೀರಾ ಸಣ್ಣ ಉದ್ದಿಮೆಗಳು ಮತ್ತು ಧರ್ಮಾರ್ಥ ಸಂಸ್ಥೆಗಳಿಗೆ ಮಾತ್ರ. ಮಧ್ಯಮ ಗಾತ್ರದ ಕಂಪನಿಗೆ ಅಲ್ಲಿಯೂ ರಕ್ಷಣೆಯಿಲ್ಲ.

ಹಾಗಾಗಿ ನಷ್ಟದ ಪ್ರಶ್ನೆ ಕೊನೆಗೆ ಕೊಟ್ಟವರು ಮತ್ತು ಪಡೆಯಬೇಕಾದವರ ನಡುವೆ ಬಂದು ನಿಲ್ಲುತ್ತದೆ. ಕೊಟ್ಟವರು ‘ನಿಮ್ಮ ಇಮೇಲಿನಿಂದಲೇ ಪತ್ರ ಬಂತು’ ಎನ್ನುತ್ತಾರೆ, ಪಡೆಯಬೇಕಾದವರು ‘ನನಗೆ ಹಣ ಬಂದಿಲ್ಲ, ಸಾಲ ತೀರಿಲ್ಲ’ ಎನ್ನುತ್ತಾರೆ. ಅಮೆರಿಕದಲ್ಲಿ ಇಬ್ಬರು ಕಾರು ವ್ಯಾಪಾರಿಗಳ ನಡುವೆ ನಡೆದ ವ್ಯಾಜ್ಯ ಇದಕ್ಕೆ ಒಳ್ಳೆಯ ಉದಾಹರಣೆ. ಬೋ ಟೌನ್‌ಸೆಂಡ್ ಫೋರ್ಡ್ ಎಂಬ ಡೀಲರ್ ಡಾನ್ ಹೈಂಡ್ಸ್ ಫೋರ್ಡ್ ಎಂಬ ಡೀಲರಿಗೆ 20 ಕಾರುಗಳನ್ನು 7 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಿದರು. ಮಾರಿದವರ ಕಡೆಯ ಮ್ಯಾನೇಜರ್ ಇಮೇಲಿಗೆ ಕಳ್ಳ ನುಗ್ಗಿ, ಬೇರೆ ಖಾತೆಗೆ ಹಣ ಕಳಿಸುವಂತೆ ಬರೆದ. ಕೊಂಡವರು ಕಳಿಸಿದರು, ಕಾರುಗಳನ್ನೂ ಒಯ್ದರು. ಕೆಳಗಿನ ನ್ಯಾಯಾಲಯ ಕೊಂಡವರು ಮತ್ತೆ ಕೊಡಬೇಕೆಂದಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಇಮೇಲನ್ನು ಕಾಪಾಡದವರ ಅಜಾಗರೂಕತೆ ಎಷ್ಟು, ವಿಚಾರಿಸದೆ ಕಳಿಸಿದವರದು ಎಷ್ಟು ಎಂದು ವಿಚಾರಣೆ ನಡೆಸಿ, ಮೋಸವನ್ನು ತಡೆಯಬಲ್ಲ ಸ್ಥಿತಿಯಲ್ಲಿ ಯಾರಿದ್ದರೋ ಅವರ ಮೇಲೆ ನಷ್ಟ ಹೊರಿಸಬೇಕೆಂದು ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ನಮ್ಮಲ್ಲಿ ವೆಂಡರ್ ಸಣ್ಣ ಉದ್ದಿಮೆಯಾಗಿದ್ದರೆ ಕೊಳ್ಳುವವರ ಹೆಗಲ ಭಾರ ಇನ್ನೂ ಹೆಚ್ಚು: ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕರಾರು ಇದ್ದರೂ 45 ದಿನದೊಳಗೆ ಪಾವತಿ ಆಗಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಪ್ರತಿ ತಿಂಗಳೂ ಚಕ್ರಬಡ್ಡಿ. ಕಳ್ಳನಿಗೆ ಕೊಟ್ಟ ದಿನದಿಂದ ಆ ಬಡ್ಡಿಯ ಗಡಿಯಾರ ನಿಲ್ಲುತ್ತದೆಂದು ಹೇಳುವ ಸಾಲು ಕಾಯ್ದೆಯಲ್ಲಿಲ್ಲ.

ಆದ್ದರಿಂದ ಯಾರ ನಷ್ಟ ಯಾರಿಗೆ ಎಂಬುದನ್ನು ಜಗಳಕ್ಕೆ ಮೊದಲೇ ಪರ್ಚೇಸ್ ಆರ್ಡರಿನಲ್ಲಿ ಬರೆದಿಡಬೇಕು. ಪೀಣ್ಯದ ಆ ಕಂಪನಿ ಹೊಸ ಬ್ಯಾಂಕಿಗೆ ಹೋಗುವಾಗ ತನ್ನ ಆರ್ಡರ್ ನಮೂನೆಯನ್ನು ಹೇಗೂ ಮರುಮುದ್ರಿಸಬೇಕಾಗುತ್ತದೆ. ಅದರ ಷರತ್ತುಗಳಲ್ಲಿ ಮೂರು ವಾಕ್ಯ ಸೇರಿಸಿದರೆ ಸಾಕು: ‘ಎರಡೂ ಕಡೆಯ ಬ್ಯಾಂಕ್ ಖಾತೆ ಬದಲಾವಣೆ, ಈ ಆರ್ಡರಿನ ಮೇಲೆ ನಮೂದಿಸಿದ ಫೋನಿನಲ್ಲಿ ಮಾತಾಡಿ ಖಚಿತಪಡಿಸಿದ ಮೇಲೆಯೇ ಜಾರಿಗೆ ಬರುತ್ತದೆ. ಹಾಗೆ ಖಚಿತಪಡಿಸದೆ ಬೇರೆ ಖಾತೆಗೆ ಹಣ ಕಳಿಸಿದರೆ ಆ ನಷ್ಟ ಕಳಿಸಿದವರದು. ಖಚಿತಪಡಿಸಲು ಬೇಕಾದ ಏಳು ದಿನಗಳ ತಡಕ್ಕೆ ಬಡ್ಡಿ ಕೇಳುವುದಿಲ್ಲ.’ ಸಣ್ಣ ಉದ್ದಿಮೆಗೆ ಕಾಯ್ದೆ ಕೊಟ್ಟ ಬಡ್ಡಿಯ ಹಕ್ಕನ್ನು ಮೂರನೆಯ ವಾಕ್ಯ ಕಸಿದುಕೊಳ್ಳಲಾರದು. ಹಾಗಾಗಿ ಅಂಥ ವೆಂಡರ್‌ಗಳ ವಿಷಯದಲ್ಲಿ ಆ ಏಳು ದಿನವನ್ನು 45ರ ಒಳಗೇ ಇಟ್ಟುಕೊಂಡು, 38ನೇ ದಿನಕ್ಕೆ ಪಾವತಿ ಸಿದ್ಧವಾಗುವಂತೆ ಲೆಕ್ಕ ಹಾಕಬೇಕು.